ಬೆಳಿಗ್ಗೆ ಕಳಿಸಿದ ಸ್ಟಾಕ್ ರಿಪೋರ್ಟ್ ಬಳಸಬೇಡಿ

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ 10.20ಕ್ಕೆ ನಾನು ಮೇಲ್ ಮಾಡಿದ ಮಾರ್ಚ್ ತಿಂಗಳ ಸ್ಟಾಕ್ ರಿಪೋರ್ಟ್ ಇನ್ನೂ ಮುಗಿದಿರಲಿಲ್ಲ. ಫೈಲ್ ತೆರೆದು ನೋಡದೆ ಹಳೆಯದನ್ನೇ ಲಗತ್ತಿಸಿಬಿಟ್ಟೆ. ತಪ್ಪು ನನ್ನದೇ, ದಯವಿಟ್ಟು ಕ್ಷಮಿಸಿ.

ಅದರಲ್ಲಿ ಎರಡನೇ ಗೋಡೌನ್‌ನಿಂದ ಹೊರಗೆ ಹೋದ 260 ಮೂಟೆ ಸೇರಿಲ್ಲ. ತಿಂಗಳ ಆರಂಭದಲ್ಲಿ 1,240 ಮೂಟೆ ಇತ್ತು, 600 ಬಂತು. ಹೊರಗೆ ಹೋಗಿದ್ದು ಒಟ್ಟು 710. ಹಾಗಾಗಿ ಉಳಿದಿರುವುದು 1,130. ಆದರೆ ನಾನು ಕಳಿಸಿದ ಫೈಲ್‌ನಲ್ಲಿ 1,390 ಅಂತಿದೆ. ಅದನ್ನು ನಂಬಿ ಯಾರಾದರೂ ಹೊಸ ಆರ್ಡರ್ ಒಪ್ಪಿಕೊಂಡರೆ ಸರಕು ಸಾಲದೆ ಹೋಗುತ್ತದೆ. ನನಗೆ ಜಾಸ್ತಿ ಚಿಂತೆ ಅದೇ.

ಮೇಲ್ ವಾಪಸ್ ಪಡೆಯಲು ನೋಡಿದೆ. ಆದರೆ ಆಗಲೇ ಕೆಲವರು ತೆರೆದಿದ್ದರು, ಹೊರಗಿನ ಡೀಲರ್‌ಗಳಿಗೂ ತಲುಪಿತ್ತು. ಅದಕ್ಕೇ ಡೀಲರ್‌ಗಳಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳುತ್ತಿದ್ದೇನೆ.

`Stock_March_draft.xlsx` ಅಳಿಸಿಬಿಡಿ. ಯಾರಿಗಾದರೂ ಫಾರ್ವರ್ಡ್ ಮಾಡಿದ್ದರೆ ಅವರ ಹೆಸರು ಇಲ್ಲೇ ತಿಳಿಸಿ, ನಾನೇ ಮಾತಾಡುತ್ತೇನೆ. ಗೋಡೌನ್ ರಿಜಿಸ್ಟರ್ ಜೊತೆ ತಾಳೆ ನೋಡಿದ ಸರಿಯಾದ ಫೈಲ್ ಸಂಜೆ 4ರೊಳಗೆ ಬರುತ್ತದೆ. ಅದರ ಹೆಸರು `Stock_March_final.xlsx`.