ಗಂಟಲು ಏರಿಸಬೇಡ, ಮಾತಿನ ಕೊನೆ ನುಂಗಬೇಡ

ಪ್ರೀತಿಯ ಮಗಳೇ,

ಮುಂದಿನ ವಾರದಿಂದ ನೀನು ಮೈಸೂರಿನಲ್ಲಿ ಅಜ್ಜಿ ತಾತನ ಮನೆಯಲ್ಲೇ ಇದ್ದು ಕೆಲಸಕ್ಕೆ ಹೋಗುತ್ತೀಯೆಂದು ಗೊತ್ತಾದಾಗಿನಿಂದ ತಾತನಿಗೆ ಹಿಗ್ಗೋ ಹಿಗ್ಗು. ಅಜ್ಜಿ ಮೇಲಿನ ಕೋಣೆಯ ಹಳೆಯ ಪೆಟ್ಟಿಗೆಗಳನ್ನೆಲ್ಲ ಆಗಲೇ ಖಾಲಿ ಮಾಡಿಸಿದ್ದಾರಂತೆ. ಅಲ್ಲಿ ನಿನಗೆ ಊಟ ತಿಂಡಿಗೆ ಕೊರತೆಯಾಗುವುದಿಲ್ಲ. ನೀನು ಸ್ವಲ್ಪ ಕಲಿಯಬೇಕಾದದ್ದು ತಾತನೊಂದಿಗೆ ಮಾತನಾಡುವುದನ್ನು. ಹಬ್ಬಕ್ಕೆ ಬಂದು ಎರಡು ದಿನ ಇದ್ದು ಹೋಗುವ ನೆಂಟರು ಕೂಗಾಡಿ ಕಾಲ ತಳ್ಳಬಹುದು. ದಿನವೂ ಒಂದೇ ಸೂರಿನಡಿ ಇರುವವರಿಗೆ ಅದು ಆಗಿಬರುವುದಿಲ್ಲ.

ತಾತ ಯಾವಾಗಲೂ ಹೇಳುವ ಮಾತು ನಿನಗೂ ನೆನಪಿರಬಹುದು: "ನೀವು ಮಾತಾಡುವುದು ಕೇಳಿಸುತ್ತದೆ, ಏನು ಮಾತಾಡುತ್ತೀರಿ ಎನ್ನುವುದು ತಿಳಿಯುವುದಿಲ್ಲ." ಮನೆಯವರು ಇದನ್ನು ತಮಾಷೆ ಎಂದುಕೊಳ್ಳುತ್ತಾರೆ. ಆದರೆ ಅವರ ತೊಂದರೆಯನ್ನು ಇದಕ್ಕಿಂತ ಸರಿಯಾಗಿ ಯಾವ ವೈದ್ಯರೂ ಹೇಳಲಾರರು. ವಯಸ್ಸಾದಂತೆ ಕಿವಿ ಎಲ್ಲ ಸದ್ದನ್ನೂ ಒಂದೇ ಸಮನಾಗಿ ಕಳೆದುಕೊಳ್ಳುವುದಿಲ್ಲ. ಒಳಗಿವಿಯ ಶಂಖದಂಥ ಸುರುಳಿಯಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ಕೋಶಗಳಿರುತ್ತವೆ. ಅವುಗಳಲ್ಲಿ ಮೊದಲು ಸವೆಯುವವು ಕೀಚಲು ಸದ್ದನ್ನು ಹಿಡಿಯುವ ಕೋಶಗಳು, ಸವೆದದ್ದು ಮತ್ತೆ ಬೆಳೆಯುವುದಿಲ್ಲ. ನಮ್ಮ ಮಾತಿನಲ್ಲಿ ಆ, ಊ, ಓ ಮುಂತಾದ ಸ್ವರಗಳು ಜೋರಾಗಿಯೂ ತಗ್ಗಿನ ಸ್ಥಾಯಿಯಲ್ಲೂ ಇರುತ್ತವೆ. ಸ, ಶ, ತ, ಟ, ಕ, ಚ ಮೊದಲಾದವು ಕ್ಷೀಣವಾಗಿಯೂ ಎತ್ತರದ ಸ್ಥಾಯಿಯಲ್ಲೂ ಇರುತ್ತವೆ. ಹೀಗಾಗಿ ತಾತನ ಕಿವಿಗೆ ಸ್ವರ ಚೆನ್ನಾಗಿಯೇ ತಲುಪುತ್ತದೆ, ವ್ಯಂಜನ ದಾರಿಯಲ್ಲೇ ಉದುರಿ ಹೋಗುತ್ತದೆ. ಹಾಲು, ಕಾಲು, ಸಾಲು, ಪಾಲು ಎಲ್ಲವೂ ಅವರಿಗೆ ಬಹುಪಾಲು ಒಂದೇ. ಯಾವುದೆಂದು ಅವರು ಉಳಿದ ಮಾತಿನಿಂದ ಊಹಿಸಿಕೊಳ್ಳಬೇಕು. ದಿನವಿಡೀ ಹೀಗೆ ಊಹಿಸುತ್ತಲೇ ಇರುವುದು ದಣಿವಿನ ಕೆಲಸ. ಸಂಜೆಯ ಹೊತ್ತಿಗೆ ಅವರು ಮಾತು ಬೇಡವೆಂಬಂತೆ ಪತ್ರಿಕೆ ಹಿಡಿದು ಕುಳಿತರೆ ಅದು ಮುನಿಸಲ್ಲ.

ಕೂಗಿದರೆ ಏಕೆ ಪ್ರಯೋಜನವಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ. ಗಂಟಲು ಏರಿಸಿದಾಗ ಉಬ್ಬುವುದು ಸ್ವರ. "ಹಾಆಆಲು" ಎಂದು ಎಷ್ಟು ಕೂಗಿದರೂ ಬೇಕಾಗಿದ್ದ "ಹ" ಅಷ್ಟೇ ಸಣಕಲಾಗಿ ಉಳಿಯುತ್ತದೆ. ಮೇಲಾಗಿ ಕೂಗುವ ಬಾಯಿಯ ಆಕಾರವೇ ಬದಲಾಗುವುದರಿಂದ ತುಟಿ ನೋಡಿ ಅರ್ಥ ಮಾಡಿಕೊಳ್ಳುವ ದಾರಿಯೂ ಮುಚ್ಚುತ್ತದೆ. ಇನ್ನೊಂದು ವಿಚಿತ್ರವಿದೆ. ಇಂಥ ಕಿವಿಗೆ ಮೆಲುದನಿ ಕೇಳಿಸುವುದಿಲ್ಲ, ಆದರೆ ಜೋರು ದನಿ ನಮಗಿಂತ ಬೇಗ ಕರ್ಕಶವಾಗುತ್ತದೆ. ಆರಾಮವಾಗಿ ಕೇಳಬಹುದಾದ ದನಿಯ ವ್ಯಾಪ್ತಿಯೇ ಕಿರಿದಾಗಿರುತ್ತದೆ. "ಜೋರಾಗಿ ಹೇಳಮ್ಮ" ಎಂದವರೇ ಮರುಕ್ಷಣ "ಯಾಕೆ ಕಿರುಚುತ್ತೀಯ?" ಎಂದು ಸಿಡುಕಿದರೆ ಬೇಸರಪಟ್ಟುಕೊಳ್ಳಬೇಡ. ಎರಡು ಮಾತೂ ನಿಜ.

ಈಗ ಒಂದು ಉದಾಹರಣೆ. ನಾಳೆ ಬೆಳಗ್ಗೆ ಏಳು ಗಂಟೆಗೆ ಲ್ಯಾಬಿನ ಹುಡುಗ ರಕ್ತ ತೆಗೆದುಕೊಳ್ಳಲು ಬರುತ್ತಾನೆ, ಅಲ್ಲಿಯವರೆಗೆ ತಾತ ಕಾಫಿ ಕುಡಿಯಬಾರದು ಎಂದಿಟ್ಟುಕೋ. ನೀನು ಅಡುಗೆಮನೆಯಲ್ಲಿ ಚಟ್ನಿಗೆ ಮಿಕ್ಸಿ ಹಾಕಿಕೊಂಡು, ಬೆನ್ನು ತಿರುಗಿಸಿಯೇ, "ತಾತ, ನಾಳೆ ಏಳಕ್ಕೆ ಬ್ಲಡ್ ಟೆಸ್ಟಿಗೆ ಬರುತ್ತಾರೆ, ಕಾಫಿ ಕುಡಿಯಬೇಡಿ" ಎಂದು ಹಜಾರದತ್ತ ಎಸೆಯುತ್ತೀಯ. ತಾತ "ಹ್ಞೂಂ" ಎನ್ನುತ್ತಾರೆ. ಬೆಳಗ್ಗೆ ಆರೂವರೆಗೆ ನೋಡಿದರೆ ಲೋಟ ಖಾಲಿ. ಅವರ ಕಿವಿಗೆ ಬಿದ್ದದ್ದು "ನಾಳೆ... ಬರುತ್ತಾರೆ, ಕಾಫಿ ಕುಡಿಯ..." ಎಂಬಷ್ಟೇ. ಯಾರೋ ಬರುತ್ತಾರೆ, ಜೊತೆಗೆ ಕಾಫಿ ಕುಡಿಯಬೇಕು ಎಂದು ಅವರು ಲೆಕ್ಕ ಹಾಕಿದರೆ ತಪ್ಪೇನು?

ಇಲ್ಲಿ ಕೆಟ್ಟದ್ದು ಬರೀ ಮಿಕ್ಸಿಯಿಂದಲ್ಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಹೌದೋ ಅಲ್ಲವೋ ಎಂಬುದು ಆ ಕ್ರಿಯಾಪದದ ಕೊನೆಗೆ ಬರುತ್ತದೆ. ಕುಡಿಯಬೇಕು, ಕುಡಿಯಬೇಡಿ. ಕೊಟ್ಟಿದ್ದಾರೆ, ಕೊಟ್ಟಿಲ್ಲ. ನಮ್ಮ ಉಸಿರು ತಗ್ಗುವುದೂ, ದನಿ ಇಳಿಯುವುದೂ, ಅವಸರದಲ್ಲಿ ಅಕ್ಷರ ನುಂಗುವುದೂ ಅದೇ ಜಾಗದಲ್ಲಿ. ಕಿವಿ ಚುರುಕಾಗಿರುವವರು ಅದನ್ನು ಹೇಗೋ ಹಿಡಿದುಕೊಳ್ಳುತ್ತಾರೆ. ತಾತನಿಗೆ ಮಾತ್ರ ಮಾತಿನ ತಿರುಳೇ ತಪ್ಪಿಹೋಗುತ್ತದೆ. ನನ್ನ ಈ ಪತ್ರದಲ್ಲಿ ನೀನು ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೋ: ವಾಕ್ಯದ ಕೊನೆಯ ಅಕ್ಷರದವರೆಗೂ ದನಿಯನ್ನು ಇಳಿಸಬೇಡ.

ಅದೇ ಸುದ್ದಿಯನ್ನು ಹೀಗೆ ಹೇಳು. ಮಿಕ್ಸಿ ನಿಲ್ಲಿಸಿ ಹಜಾರಕ್ಕೆ ಹೋಗು. ಟಿವಿ ಹಾಕಿದ್ದರೆ ಸದ್ದು ಅಡಗಿಸಲು ಕೇಳು. ಅವರ ಎಡಗಿವಿ ಬಲಗಿವಿಗಿಂತ ವಾಸಿ, ಆದ್ದರಿಂದ ಅವರ ಎಡಕ್ಕೆ ವಾಲಿದಂತೆ ಎದುರಿಗೆ ಕುರ್ಚಿ ಎಳೆದುಕೊಂಡು ಒಂದು ಮಾರು ದೂರದೊಳಗೆ ಕೂತುಕೋ. ಅಂತರ ಅರ್ಧವಾದರೆ ನಿನ್ನ ದನಿ ಅವರಿಗೆ ಸುಮಾರು 6 ಡೆಸಿಬೆಲ್‌ನಷ್ಟು ಹೆಚ್ಚಾಗಿ ತಲುಪುತ್ತದೆ, ಗಂಟಲಿಗೆ ಯಾವ ಖರ್ಚೂ ಇಲ್ಲದೆ. ಕಿಟಕಿಗೆ ಬೆನ್ನು ಹಾಕಿ ಕೂರಬೇಡ. ಬೆಳಕು ನಿನ್ನ ಹಿಂದಿನಿಂದ ಬಂದರೆ ನಿನ್ನ ಮುಖ ಅವರಿಗೆ ಕಪ್ಪಾಗಿ ಕಾಣುತ್ತದೆ, ತುಟಿ ಕಾಣುವುದಿಲ್ಲ. ತುಟಿಯಿಂದ ಎಲ್ಲವೂ ತಿಳಿಯುತ್ತದೆ ಎಂದೇನಲ್ಲ. ಪ, ಬ, ಮ ಮೂರೂ ನೋಡಲು ಒಂದೇ, ಕ, ಗ, ಹ ಕಾಣುವುದೇ ಇಲ್ಲ. ಆದರೂ ಕಿವಿ ಬಿಟ್ಟದ್ದರಲ್ಲಿ ಒಂದಷ್ಟನ್ನು ಕಣ್ಣು ತುಂಬಿಕೊಡುತ್ತದೆ.

ಆಮೇಲೆ "ತಾತ" ಎಂದು ಕರೆದು, ಅವರು ನಿನ್ನತ್ತ ನೋಡುವವರೆಗೆ ಕಾಯಿ. ಹಿಂದಿನಿಂದ ಹೋಗಿ ಭುಜ ಹಿಡಿದು ಬೆಚ್ಚಿಬೀಳಿಸಬೇಡ. ಮೊದಲು ವಿಷಯವೇನೆಂದು ಹೇಳಿಬಿಡು: "ನಾಳೆ ರಕ್ತ ಪರೀಕ್ಷೆ ಇದೆ." ಒಂದು ಉಸಿರಿನಷ್ಟು ನಿಲ್ಲು. ವಿಷಯ ತಿಳಿದರೆ ಮುಂದಿನ ಪದಗಳ ಊಹೆ ಸುಲಭವಾಗುತ್ತದೆ. "ಬೆಳಗ್ಗೆ ಏಳು ಗಂಟೆಗೆ ಲ್ಯಾಬಿನವರು ಮನೆಗೇ ಬರುತ್ತಾರೆ." ಮತ್ತೆ ನಿಲ್ಲು. "ಅವರು ಬಂದು ಹೋಗುವವರೆಗೆ ಕಾಫಿ ಬೇಡ." ಎಂದಿನ ದನಿಗಿಂತ ತುಸು ಗಟ್ಟಿಯಾಗಿ, ತುಸು ನಿಧಾನವಾಗಿ ಹೇಳಿದರೆ ಸಾಕು. ಒಂದೊಂದು ಪದವನ್ನೂ ಎಳೆದು ಬಿಡಿಸಿ ಹೇಳಿದರೆ ಮಾತಿನ ಲಯ ಕೆಟ್ಟು ಇನ್ನಷ್ಟು ಗೋಜಲಾಗುತ್ತದೆ. ನಿಲ್ಲಬೇಕಾದದ್ದು ಪದ ಪದದ ನಡುವೆ ಅಲ್ಲ, ವಾಕ್ಯದ ನಡುವೆ.

ಅವರು "ಏನು?" ಎಂದರೆ ಅದೇ ಮಾತನ್ನು ಒಂದು ಸಲ ಮತ್ತೆ ಹೇಳು. ಆಗಲೂ ಸಿಗದಿದ್ದರೆ ಪದ ಬದಲಿಸು. "ಕಾಫಿ ಬೇಡ" ಜಾರಿಹೋಯಿತೆಂದರೆ ಅದರಲ್ಲಿರುವ ಅಕ್ಷರಗಳೇ ಅವರಿಗೆ ನಿಲುಕುತ್ತಿಲ್ಲ ಎಂದರ್ಥ, ಹತ್ತು ಸಲ ಹೇಳಿದರೂ ಅದೇ ಗತಿ. "ಖಾಲಿ ಹೊಟ್ಟೆಯಲ್ಲಿ ಇರಬೇಕಂತೆ" ಎನ್ನು. ಅಂಕಿಗಳ ವಿಷಯದಲ್ಲಿ ಇನ್ನೂ ಎಚ್ಚರ. ಇಪ್ಪತ್ತು ಮತ್ತು ಎಪ್ಪತ್ತು ಎಷ್ಟು ಹತ್ತಿರ ಎಂದು ನೀನೇ ಹೇಳಿಕೊಂಡು ನೋಡು. ಮಾತ್ರೆಯ ಪ್ರಮಾಣ, ಹಣ, ಹೊತ್ತು ಇವನ್ನು ಬಾಯಲ್ಲಿ ಹೇಳಿದ ಮೇಲೆ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ದಪ್ಪಕ್ಷರದಲ್ಲಿ ಬರೆದುಬಿಡು. ಅಜ್ಜಿಯ ಹಾಲಿನ ಲೆಕ್ಕದ ಪಕ್ಕದಲ್ಲಿ ಜಾಗ ಸಿಕ್ಕರೆ!

"ಕೇಳಿಸಿತಾ ತಾತ?" ಎಂದು ಮಾತ್ರ ಕೇಳಬೇಡ. ಆ ಪ್ರಶ್ನೆಗೆ ಎಲ್ಲರೂ "ಹೌದು" ಎಂದೇ ತಲೆಯಾಡಿಸುತ್ತಾರೆ, ಅರ್ಧ ಮರ್ಯಾದೆಗೆ, ಅರ್ಧ ನಿನಗೆ ತೊಂದರೆ ಯಾಕೆಂದು. "ಹಾಗಾದರೆ ನಿಮ್ಮನ್ನು ಎಷ್ಟು ಹೊತ್ತಿಗೆ ಎಬ್ಬಿಸಲಿ?" ಎಂದು ಕೇಳು. ಉತ್ತರದಲ್ಲೇ ತಿಳಿದದ್ದೆಷ್ಟು ಎಂಬುದು ಹೊರಬರುತ್ತದೆ, ಪರೀಕ್ಷೆ ಮಾಡಿದಂತೆಯೂ ಆಗುವುದಿಲ್ಲ.

ಮಗುವಿಗೆ ಹೇಳುವಂತೆ ರಾಗ ಎಳೆದು ಮಾತನಾಡುವವರನ್ನು ಕಂಡರೆ ತಾತನಿಗೆ ಆಗುವುದಿಲ್ಲ. "ಜಾಣ ತಾತ, ಮಾತ್ರೆ ನುಂಗೋಣವಾ?" ಎಂದು ಒಬ್ಬರು ಕೇಳಿದಾಗ ಅವರು, "ನೀವೂ ನುಂಗುತ್ತೀರಾ?" ಎಂದು ತಿರುಗಿ ಕೇಳಿದ್ದರು. ಜೀವಮಾನವಿಡೀ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರ ಬುದ್ಧಿ ಮಂದವಾಗಿಲ್ಲ, ಮಂದವಾಗಿರುವುದು ಕಿವಿ. ಅವಮಾನದ ಮಾತು ಹಾಗಿರಲಿ, ಆ ಮುದ್ದಿನ ದನಿ ಮಾಮೂಲಿಗಿಂತ ಎತ್ತರದ ಸ್ಥಾಯಿಯದು, ಅವರ ಕಿವಿ ಕಳೆದುಕೊಂಡ ಕಡೆಗೇ ಏರಿದ ದನಿ ಅದು. ನಿನ್ನದು ಸಹಜವಾಗಿಯೇ ತೆಳು ದನಿ, ಸ್ವಲ್ಪ ತಗ್ಗಿಸಿ ಮಾತನಾಡಿ ನೋಡು, ವ್ಯತ್ಯಾಸ ಕಾಣುತ್ತದೆ. ಹಾಗೆಯೇ ತಾತನ ಎದುರಿಗೇ "ಅಜ್ಜಿ, ತಾತನಿಗೆ ಹೇಳಿ" ಎನ್ನಬೇಡ. ಎಲ್ಲರೂ ನಗುತ್ತಿರುವಾಗ "ಏನಂತೆ?" ಎಂದು ಅವರು ಕೇಳಿದರೆ "ಏನಿಲ್ಲ ಬಿಡಿ" ಎನ್ನಲೂಬೇಡ. ನನ್ನ ಮಟ್ಟಿಗೆ ಕೂಗಾಟಕ್ಕಿಂತ ಕಟುವಾದ ಮಾತು ಅದು. ಜೋಕು ಸಪ್ಪೆಯಾದರೂ ಸರಿ, ಇನ್ನೊಮ್ಮೆ ಹೇಳು.

ಹಿಯರಿಂಗ್ ಏಡ್ ಇದೆಯಲ್ಲ, ಇಷ್ಟೆಲ್ಲ ಯಾಕೆ ಎನ್ನುತ್ತೀಯೇನೋ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿಯೇ ತೆಗೆದುಕೊಂಡದ್ದು. 1965ರಲ್ಲಿ ಶುರುವಾದ ಆ ಸಂಸ್ಥೆ ನಮ್ಮೂರಲ್ಲೇ ಇರುವುದು ನಮ್ಮ ಅದೃಷ್ಟ. ಆದರೆ ಯಂತ್ರ ಸದ್ದನ್ನು ಹಿಗ್ಗಿಸುತ್ತದೆಯೇ ಹೊರತು ಹೋದ ಕೋಶಗಳನ್ನು ತಂದುಕೊಡುವುದಿಲ್ಲ. ಹತ್ತಿರದ ಒಬ್ಬರ ಮಾತಿಗೆ ಅದು ಚೆನ್ನಾಗಿ ಒದಗುತ್ತದೆ, ಮದುವೆ ಮನೆಯ ಗದ್ದಲದಲ್ಲಿ ಅಷ್ಟಕ್ಕಷ್ಟೇ. ಅದು ಕುಯ್ಯೆಂದು ಸಿಳ್ಳೆ ಹಾಕುತ್ತಿದ್ದರೆ ಹೆಚ್ಚಾಗಿ ಕಿವಿಯಲ್ಲಿ ಸರಿಯಾಗಿ ಕೂತಿಲ್ಲ, ಇಲ್ಲವೇ ಕಿವಿಯಲ್ಲಿ ಗುಗ್ಗೆ ಸೇರಿದೆ ಎಂದರ್ಥ. ಗುಗ್ಗೆಯನ್ನು ನೀವೇ ಕಡ್ಡಿ ಹಾಕಿ ಕೆದಕಬೇಡಿ, ವೈದ್ಯರಿಗೆ ತೋರಿಸಿ. ಎಂದಿಗಿಂತ ಹೆಚ್ಚು "ಏನು, ಏನು" ಎನ್ನುತ್ತಿದ್ದರೆ ಮೊದಲು ಬ್ಯಾಟರಿ ನೋಡು.

ಆಫೀಸಿನಿಂದ ತಡವಾಗಿ ಬರುವ ದಿನ ಅವರಿಗೆ ಬರೀ ಫೋನ್ ಮಾಡಬೇಡ. ಫೋನಿನಲ್ಲಿ ತುಟಿಯೂ ಇಲ್ಲ, ಕೀಚಲು ಸದ್ದುಗಳೂ ಅರ್ಧಕ್ಕರ್ಧ ಕತ್ತರಿಸಿ ಹೋಗುತ್ತವೆ. ಮುಖಕ್ಕೆ ಬೆಳಕು ಬೀಳುವಂತೆ ನಿಂತು ವಿಡಿಯೊ ಕರೆ ಮಾಡು, ಇಲ್ಲವೇ ಸಂದೇಶ ಕಳಿಸು. ಕನ್ನಡಕ ಹಾಕಿಕೊಂಡು ಅವರು ಎಲ್ಲವನ್ನೂ ಓದುತ್ತಾರೆ, ಕಾಗುಣಿತ ತಪ್ಪಿದ್ದರೆ ತಿದ್ದಿಯೂ ಕಳಿಸುತ್ತಾರೆ.

ಇನ್ನೊಂದನ್ನು ಬೇರೆಯಾಗಿಯೇ ಬರೆಯುತ್ತೇನೆ. ಈಗಿರುವುದು ವರ್ಷಗಳಿಂದ ಮೆಲ್ಲಮೆಲ್ಲಗೆ ಇಳಿದುಬಂದ ಕಿವುಡು. ಎಂದಾದರೂ ಒಂದು ಬೆಳಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸುತ್ತಿಲ್ಲ ಎಂದರೆ, ಜೊತೆಗೆ ಗುಂಯ್‌ಗುಡುವುದೋ ತಲೆಸುತ್ತೋ ಇದ್ದರೆ, "ವಯಸ್ಸಾಯಿತಲ್ಲ" ಎಂದು ಅಜ್ಜಿ ಹೇಳಿದರೂ ಕೇಳದೆ ಆ ದಿನವೇ ಕಿವಿ ಮೂಗು ಗಂಟಲು ವೈದ್ಯರ ಬಳಿ ಕರೆದುಕೊಂಡು ಹೋಗು. ಅದಕ್ಕೆ ಮೊದಲ ಕೆಲವು ದಿನಗಳಲ್ಲಿ ಕೊಡುವ ಔಷಧಿಗೆ ಹೆಚ್ಚು ಬೆಲೆ. ಆಟೋ ಹತ್ತಿದ ಮೇಲೆ ನನಗೆ ಫೋನ್ ಮಾಡಿದರೂ ಸಾಕು.

ನಿನ್ನ
ಅಮ್ಮ