ಶನಿವಾರದೊಳಗೆ ಓದು

ಚಿ. ಪುಟ್ಟುಗೆ ಸೋದರತ್ತೆಯ ಆಶೀರ್ವಾದ.

ನಿನ್ನೆ ಫೋನಿನಲ್ಲಿ "ವೀಸಾ ಬಂದ ಮೇಲೆ ಹೇಳಿದರಾಯ್ತು ಬಿಡಿ ಅತ್ತೆ" ಅಂದೆಯಲ್ಲ, ರಾತ್ರಿಯೆಲ್ಲ ಅದೇ ತಲೆ ಕೊರೀತು. ನಿನಗೆ ನೋಡಿರೋ ಹುಡುಗಿಯೂ ನೀನೂ ಮಲ್ಲೇಶ್ವರದಲ್ಲಿ ಎರಡು ಸಲ ಕೂತು ದೋಸೆ ತಿಂದಿದ್ದೀರಿ. ಹುಡುಗಿ ವಿಜಯನಗರದ ತನ್ನ ಕ್ಲಿನಿಕ್ಕಿಗೆ ಎರಡನೇ ಡೆಂಟಲ್ ಚೇರ್ ಹಾಕಿಸೋಕೆ ಬ್ಯಾಂಕ್ ಸಾಲ ಕೇಳಿದ್ದಾಳೆ. ಕಂಪನಿ ನಿನ್ನನ್ನ ಅಮೆರಿಕಕ್ಕೆ ಕಳಿಸಬಹುದು ಅನ್ನೋ ಮಾತೇ ನೀನು ಎತ್ತಿಲ್ಲ. ಅವಳು ಆ ಸಾಲದ ಪತ್ರಕ್ಕೆ ಸಹಿ ಹಾಕುವ ಮುಂಚೆ ನೀನು ಬಾಯಿ ಬಿಡಬೇಕು.

1999ರಲ್ಲಿ ನಾನು ಬ್ಯಾಂಕ್ ಕೆಲಸ ಬಿಟ್ಟು ನಿನ್ನ ಮಾವನ ಹಿಂದೆ, ಎಚ್-1ಬಿ ಕೆಲಸದ ವೀಸಾದವರ ಹೆಂಡತಿಗೆ ಕೊಡೋ ಎಚ್-4 ವೀಸಾದಲ್ಲಿ ನ್ಯೂಜೆರ್ಸಿಗೆ ಹೋದೆ. ಆ ವೀಸಾದಲ್ಲಿ ದುಡಿಯೋ ಹಾಗಿಲ್ಲ ಅನ್ನೋದು ಗೊತ್ತಾಗಿದ್ದು ಅಲ್ಲಿಗೆ ಹೋದ ಮೇಲೆ. ಮಾವ ಮುಚ್ಚಿಟ್ಟದ್ದೇನಲ್ಲ, ಕೇಳಬೇಕು ಅಂತ ಇಬ್ಬರಿಗೂ ಹೊಳೀಲಿಲ್ಲ. ಐದು ವರ್ಷ ಮನೇಲಿ ಕೂತೆ. 2015ರಿಂದ ಎಚ್-4ನವರಿಗೂ ಕೆಲಸದ ಪರವಾನಗಿ ಸಿಗುತ್ತೆ, ಆದರೆ ಸಾಮಾನ್ಯವಾಗಿ ಗಂಡನ ಗ್ರೀನ್ ಕಾರ್ಡ್ ಹಾದಿಯಲ್ಲಿ ಕಂಪನಿ ಹಾಕೋ ಐ-140 ಅರ್ಜಿ ಮಂಜೂರಾದ ಮೇಲೆಯೇ.

ಅದಕ್ಕೇ ಮೊದಲು ಎಚ್‌ಆರ್‌ನವರನ್ನ ಕೇಳು: ಕಳಿಸೋದು ಎಚ್-1ಬಿಯಲ್ಲೋ, ಎಲ್-1ರಲ್ಲೋ? ಅಲ್ಲಿನ ನಿಮ್ಮದೇ ಆಫೀಸಿಗೆ ಎಲ್-1 ಮೇಲೆ ವರ್ಗ ಮಾಡಿದರೆ ಹೆಂಡತಿ ಬೇರೆ ಪರವಾನಗಿಗೆ ಕಾಯದೆ ಕೆಲಸಕ್ಕೆ ಸೇರಬಹುದು. ಎಚ್-1ಬಿ ಆದರೆ ಮಾರ್ಚ್‌ನಲ್ಲಿ ನೋಂದಣಿ, ಲಾಟರಿಯಲ್ಲಿ ಹೆಸರು ಬಂದರೆ ಅಕ್ಟೋಬರ್‌ನಿಂದ ಕೆಲಸ, ಬರದಿದ್ದರೆ ಮತ್ತೆ ಮುಂದಿನ ಮಾರ್ಚ್.

ಪರವಾನಗಿ ಇದ್ದರೂ ಅವಳ ಬಿ.ಡಿ.ಎಸ್. ಅಲ್ಲಿ ಹಾಗೇ ನಡೆಯಲ್ಲ. ಬಹುತೇಕ ರಾಜ್ಯಗಳಲ್ಲಿ ಬೋರ್ಡ್ ಪರೀಕ್ಷೆ ಪಾಸಾಗಿ, ಅಲ್ಲಿನ ಡೆಂಟಲ್ ಕಾಲೇಜಿನಲ್ಲಿ ಮತ್ತೆ ಎರಡು-ಮೂರು ವರ್ಷ ಓದಿದ ಮೇಲೆಯೇ ಲೈಸೆನ್ಸು. ಫೀಸೂ ಭಾರಿ. ನಿನಗಾದರೆ ಮಾರನೇ ದಿನವೇ ಅದೇ ಲ್ಯಾಪ್‌ಟಾಪು, ಅದೇ ಕೆಲಸ.

ಶನಿವಾರ ಸಿಕ್ಕಾಗ ನೇರವಾಗಿ ಹೇಳು: "ಅಮೆರಿಕಕ್ಕೆ ಹೋಗೋ ಅವಕಾಶ ಬರಬಹುದು, ಬರದೇನೂ ಇರಬಹುದು. ಬಂದರೆ ಮೂರು ವರ್ಷವಾದರೂ ಅಲ್ಲಿರಬೇಕು ಅಂತ ನನಗೆ ಆಸೆ. ನಿಮ್ಮ ಕ್ಲಿನಿಕ್ ಬಗ್ಗೆ ನಿಮ್ಮ ಯೋಚನೆ ಏನು?" ನಿನ್ನ ಆಸೆಯನ್ನ ಕಂಪನಿ ತಲೆಗೆ ಕಟ್ಟಬೇಡ. "ಕಳಿಸಿದರೆ ಹೋಗಲೇಬೇಕಲ್ಲ" ಅಂದುಬಿಟ್ಟರೆ ಪಾಪ ಅವಳು ಯಾರ ಹತ್ತಿರ ಮಾತಾಡಬೇಕು?

ಅವತ್ತೇ ಉತ್ತರ ಕೇಳಬೇಡ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಕೂತ್ಕೊಳ್ಳಿ. "ನೀವೆಲ್ಲಿದ್ದರೆ ನಾನೂ ಅಲ್ಲೇ" ಅಂದರೆ ಹಿಗ್ಗಿಹೋಗಬೇಡ. ನಾನೂ ಅದನ್ನೇ ಹೇಳಿದ್ದೆ. ಹಾಗಾದರೆ ಕ್ಲಿನಿಕ್ ಯಾರು ನೋಡ್ಕೋತಾರೆ, ಸಾಲದ ಕಂತು ಯಾರು ಕಟ್ತಾರೆ ಅಂತ ಕೇಳು. ಬರಲ್ಲ ಅಂದರೂ ಈಗ ಹೋಗೋದು ನಾಲ್ಕು ದೋಸೆ ದುಡ್ಡು.

ನಿಮ್ಮಪ್ಪನಿಗೆ ಇದೊಂದೂ ಗೊತ್ತಿಲ್ಲ. ಆಗಲೇ ಛತ್ರ ನೋಡೋಕೆ ಹೊರಟಿದ್ದಾನೆ. ಭಾನುವಾರದವರೆಗೆ ಏನಾದರೂ ಸಬೂಬು ಹೇಳಿ ತಡೀತೀನಿ, ಅದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ.

ಇಂತಿ,
ನಿನ್ನ ಅತ್ತೆ