ಗುರುತಿನ ಚೀಟಿ ಪಿಡಿಎಫ್ ಕಳಿಸುವವರಿಗೆ

ಸದಸ್ಯರೇ, ಚೀಟಿಯ ಎರಡೂ ಬದಿ ಒಂದೇ ಪುಟದಲ್ಲಿ, ಅಸಲಿ ಅಳತೆಯಲ್ಲೇ ಇರಲಿ. ಮೊಬೈಲ್ ಸ್ಕ್ಯಾನರ್ ಆ್ಯಪ್‌ಗಳು ಸಾಮಾನ್ಯವಾಗಿ ಒಂದೊಂದು ಬದಿಯನ್ನೂ ಇಡೀ ಪುಟಕ್ಕೆ ಹಿಗ್ಗಿಸಿಬಿಡುತ್ತವೆ. ಅದಕ್ಕೇ ಎರಡನ್ನೂ ಚಿತ್ರವಾಗಿ ಉಳಿಸಿ, ಕಾರ್ಡಿನ ಅಂಚಿಗೆ ಸರಿಯಾಗಿ ಕ್ರಾಪ್ ಮಾಡಿ. ವರ್ಡ್‌ನಲ್ಲಿ ಎ4 ಪುಟ ತೆರೆದು ಒಂದರ ಕೆಳಗೊಂದು ಹಾಕಿ. ಪ್ಲಾಸ್ಟಿಕ್ ಕಾರ್ಡಾದರೆ ಅಗಲ 8.56 ಸೆಂ.ಮೀ. ಕೊಡಿ. ಎತ್ತರ ತಾನಾಗೇ 5.4ರ ಹತ್ತಿರ ಬರಬೇಕು. ಬರದಿದ್ದರೆ ಕ್ರಾಪ್ ತಪ್ಪಿದೆ ಅಂತಲೇ ಅರ್ಥ. ಚಿತ್ರವನ್ನು ಎಳೆದು ಸರಿಮಾಡಬೇಡಿ, ಮುಖ ಸೊಟ್ಟಗಾಗುತ್ತದೆ! ಆಮೇಲೆ ಪಿಡಿಎಫ್ ಆಗಿ ಉಳಿಸಿ.

ಹಾಸನದ ಬಿ.ಎಂ. ರಸ್ತೆಯ ಯಾವ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದರೂ Actual size ಆರಿಸಲು ಹೇಳಿ. Fit ಇದ್ದರೆ ಅಳತೆ ಬದಲಾಗುತ್ತದೆ. ಪ್ರಿಂಟಿನ ಮೇಲೆ ಕಾರ್ಡ್ ಇಟ್ಟು ನೋಡಿ, ಅಂಚಿಗೆ ಅಂಚು ಕೂಡಬೇಕು. ಹಳೇ ಲ್ಯಾಮಿನೇಷನ್ ಚೀಟಿಯಾದರೆ ಮೊದಲೇ ಸ್ಕೇಲಿನಲ್ಲಿ ಅಳೆದುಕೊಳ್ಳಿ.